ಕರಿಹಲಗೆಯ ಮೇಲಣ ಕಾಲರೇಖೆ
(ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಇಂಗ್ಲಿಷ್ ನೋಟ್‌ಪುಸ್ತಕವನ್ನು ತೆರೆದು ನೋಡಿದ ಪೋಷಕರಿಗೆ ಅದರಲ್ಲಿ ಅಡ್ಡಗೆರೆಗಳೂ, ಗುಣಾಕಾರದ ಗುರುತುಗಳೂ, ಅಲೆಅಲೆಯಾದ ರೇಖೆಗಳೂ ಕಂಡಿರಬಹುದು. ವ್ಯಾಕರಣಕ್ಕೂ ಈ ಚಿತ್ರಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಿಯೂ ಇದ್ದಾರೆ. ಇಂಗ್ಲಿಷಿನ ಪರ್ಫೆಕ್ಟ್ ಮತ್ತು ಕಂಟಿನ್ಯುಅಸ್ ಎಂಬ ಕ್ರಿಯಾರೂಪಗಳನ್ನು ಕಲಿಸುವಾಗ ನಾವು ಕರಿಹಲಗೆಯ ಮೇಲೆ ಬರೆಯುವ ಕಾಲರೇಖೆಗಳು ಇವು. ಸರಿಯಾದ ರೇಖೆಯೊಂದು ಅನೇಕ ನಿಯಮಗಳ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ದಾರಿ ತಪ್ಪಿಸುವ ರೇಖೆಗಳೂ ಉಂಟು. ನಿಯಮವನ್ನು ಮಗು ಮರೆತೀತು, ಚಿತ್ರವನ್ನು ಮರೆಯದು. ಆದುದರಿಂದ ತಪ್ಪು ಚಿತ್ರದ ಕೇಡು ಬಹುಕಾಲ ಉಳಿಯುತ್ತದೆ. ಅಂತಹ ಮೂರು ಚಿತ್ರಗಳನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಮೊದಲು ರೇಖೆಯ ರಚನೆಯನ್ನು ನೋಡೋಣ. ಹಲಗೆಯ ಎಡದಿಂದ ಬಲಕ್ಕೆ ಒಂದು ಉದ್ದಗೆರೆ. ಅದರ ಮೇಲೆ ಒಂದು ಕಡೆ ನಿಲುಗೆರೆ. ಅದು 'ಈಗ', ಅಂದರೆ ಮಾತನಾಡುವ ಗಳಿಗೆ. ಎಡಕ್ಕೆ ಕಳೆದ ಕಾಲ, ಬಲಕ್ಕೆ ಬರುವ ಕಾಲ. ನಡೆದ ಕೆಲಸಕ್ಕೆ ಗುಣಾಕಾರದ ಗುರುತು. ಹಲವು ಪುಸ್ತಕಗಳಲ್ಲಿ ಚಿತ್ರವು ಇಲ್ಲಿಗೇ ಮುಗಿಯುತ್ತದೆ. ಕೆಲಸ ಎಂದು ನಡೆಯಿತೆಂಬುದನ್ನು ಇದು ತೋರಿಸುತ್ತದೆಯೇ ಹೊರತು, ಮಾತನಾಡುವವನು ಎಲ್ಲಿ ನಿಂತು ಆ ಕೆಲಸವನ್ನು ನೋಡುತ್ತಿದ್ದಾನೆಂಬುದನ್ನು ತೋರಿಸುವುದಿಲ್ಲ. ಹಾನ್ಸ್ ರೈಖನ್‌ಬಾಖ್ ಎಂಬ ತತ್ತ್ವಶಾಸ್ತ್ರಜ್ಞರು 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ, ಕ್ರಿಯಾಪದದ ಕಾಲವನ್ನು ವಿವರಿಸಲು ಎರಡು ಬಿಂದುಗಳು ಸಾಲವು, ಮೂರು ಬೇಕೆಂದು ತೋರಿಸಿದರು: ಮಾತಿನ ಗಳಿಗೆ, ಕೆಲಸದ ಗಳಿಗೆ, ಮತ್ತು ಯಾವ ಗಳಿಗೆಯನ್ನು ಆಧಾರವಾಗಿಟ್ಟು ನೋಡುತ್ತೇವೆಯೋ ಆ ಗಳಿಗೆ. ಈ ಮೂರನೆಯದನ್ನು ನಾವು ಹಲಗೆಯ ಮೇಲೆ ಒಂದು ಕಣ್ಣಿನ ಚಿತ್ರವಾಗಿ ಬರೆಯುತ್ತೇವೆ. ಮೊದಲು ಕಣ್ಣು, ಆಮೇಲೆ ಕೆಲಸ. ಈ ಕ್ರಮವನ್ನು ಮಕ್ಕಳು ನೆನಪಿನಲ್ಲಿಡಬೇಕು.

ಇನ್ನು ದಾರಿ ತಪ್ಪಿಸುವ ಮೊದಲನೆಯ ಚಿತ್ರ. ಇದರಲ್ಲಿ 'ಈಗ' ಎಂಬ ನಿಲುಗೆರೆಯ ಪಕ್ಕದಲ್ಲಿಯೇ ಪ್ರೆಸೆಂಟ್ ಪರ್ಫೆಕ್ಟ್, ಸ್ವಲ್ಪ ದೂರದಲ್ಲಿ ಸಿಂಪಲ್ ಪಾಸ್ಟ್, ಬಹುದೂರದಲ್ಲಿ ಪಾಸ್ಟ್ ಪರ್ಫೆಕ್ಟ್ ಎಂದು ಮೂರು ಗುರುತುಗಳಿರುತ್ತವೆ. ಇದನ್ನು ನೋಡಿದ ಮಗು, ಇವು ಮೂರೂ ದೂರದ ಅಳತೆಗಳೆಂದು ತಿಳಿಯುತ್ತದೆ. ಆದರೆ ಐದು ನಿಮಿಷಗಳ ಹಿಂದೆ ಕಂಡವನ ವಿಷಯದಲ್ಲಿ 'ಐ ಸಾ ಹಿಮ್ ಫೈವ್ ಮಿನಿಟ್ಸ್ ಎಗೋ' ಎನ್ನಬೇಕು. ಇಷ್ಟು ಹತ್ತಿರದ ಸಂಗತಿಗೂ ಸಿಂಪಲ್ ಪಾಸ್ಟ್. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಆದರೂ 'ಮ್ಯಾನ್ ಹ್ಯಾಸ್ ವಾಕ್ಡ್ ಆನ್ ದಿ ಮೂನ್' ಎನ್ನುವುದು ಇಂದಿಗೂ ಸರಿ. ಏಕೆಂದರೆ ಇಲ್ಲಿ ಕಣ್ಣು 'ಈಗ'ಲ್ಲಿದೆ; ಮನುಷ್ಯಕುಲದ ಇಂದಿನ ಸಾಧನೆಗಳಲ್ಲಿ ಅದೂ ಒಂದೆಂದು ಹೇಳುತ್ತಿದ್ದೇವೆ. '1969ರಲ್ಲಿ' ಎಂಬ ಮಾತನ್ನು ಸೇರಿಸಿದೊಡನೆ ಆ ಮಾತು ಕಣ್ಣನ್ನು ಎಳೆದುಕೊಂಡು ಹೋಗಿ 1969ರಲ್ಲಿ ನಿಲ್ಲಿಸುತ್ತದೆ. ಆಗ 'ವಾಕ್ಡ್' ಎಂದೇ ಆಗಬೇಕು.

ಈ ಚಿತ್ರವು ಕನ್ನಡ ಮಕ್ಕಳಿಗೆ ವಿಶೇಷವಾಗಿ ಅಪಾಯಕರ. 'ಹೋದ ವರ್ಷ ಮೈಸೂರಿಗೆ ಹೋಗಿದ್ದೆವು' ಎಂದು ನಾವು ಮನೆಯಲ್ಲಿ ಸಹಜವಾಗಿ ಹೇಳುತ್ತೇವೆ. ಅದನ್ನೇ ಮಗು 'ವಿ ಹ್ಯಾಡ್ ಗಾನ್ ಟು ಮೈಸೂರ್ ಲಾಸ್ಟ್ ಇಯರ್' ಎಂದು ಬರೆಯುತ್ತದೆ. 'ನಿನ್ನೆ ಅವನನ್ನು ನೋಡಿದ್ದೇನೆ' ಎಂಬುದೂ ಕನ್ನಡದಲ್ಲಿ ಸಲ್ಲುತ್ತದೆ. 'ಐ ಹ್ಯಾವ್ ಸೀನ್ ಹಿಮ್ ಎಸ್ಟರ್ಡೇ' ಎಂಬುದು ಇಂಗ್ಲಿಷಿನಲ್ಲಿ ಸಲ್ಲದು. ಕನ್ನಡದ ರೂಢಿಗೆ ದೂರದ ಚಿತ್ರವೂ ಜೊತೆಗೂಡಿದರೆ ತಪ್ಪು ಬೇರೂರುತ್ತದೆ. ಭಾರತವು ಸ್ವತಂತ್ರವಾದುದು 1947ರಲ್ಲಿ. ಎಷ್ಟೇ ವರ್ಷ ಕಳೆದರೂ ಅದು 'ಬಿಕೇಮ್'. ದೂರವಾಯಿತೆಂಬ ಕಾರಣಕ್ಕೆ 'ಹ್ಯಾಡ್ ಬಿಕಮ್' ಆಗುವುದಿಲ್ಲ.

ಎರಡನೆಯ ಚಿತ್ರದಲ್ಲಿ ಕಳೆದ ಕಾಲದಿಂದ ಒಂದು ಬಾಣವು ಹೊರಟು 'ಈಗ' ಎಂಬ ನಿಲುಗೆರೆಯನ್ನು ಮುಟ್ಟುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಇದೇ ಎಂದು ಕೆಳಗೆ ಬರೆದಿರುತ್ತದೆ. 'ವಿ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್' ಎಂಬ ವಾಕ್ಯಕ್ಕೆ ಈ ಚಿತ್ರ ಸರಿಯೇ. ಹತ್ತು ವರ್ಷಗಳ ಹಿಂದೆ ಆದ ಪರಿಚಯ ಇಂದಿಗೂ ಇದೆ. ಆದರೆ 'ಐ ಹ್ಯಾವ್ ಲಾಸ್ಟ್ ಮೈ ಪೆನ್' ಎಂದಾಗ ಪೆನ್ನು ಕಳೆದುಹೋಗುವ ಕೆಲಸವು ಬೆಳಗಿನಿಂದ ಈಗಿನವರೆಗೂ ನಡೆಯುತ್ತಿದೆಯೇ? ಅದು ಒಂದೇ ಗಳಿಗೆಯ ಸಂಗತಿ. 'ಈಗ'ಕ್ಕೆ ಮುಟ್ಟಿರುವುದು ಕೆಲಸವಲ್ಲ, ಅದರ ಫಲ: ಕೈಯಲ್ಲಿ ಪೆನ್ನಿಲ್ಲ. ಆದುದರಿಂದ ಇಲ್ಲಿ ಎಡಕ್ಕೆ ಒಂದು ಗುರುತು ಹಾಕಿ, 'ಈಗ'ಲ್ಲಿ ಕಣ್ಣನ್ನು ಬರೆದು, ಆ ಕಣ್ಣಿನಿಂದ ಗುರುತಿನ ಕಡೆಗೆ ಚುಕ್ಕೆಗಳ ನೋಟವನ್ನು ಎಳೆಯಬೇಕು. ಚುಕ್ಕೆಯ ಗೆರೆ ನೋಟಕ್ಕೆ, ತುಂಬುಗೆರೆ ಕೆಲಸಕ್ಕೆ. ಇವೆರಡನ್ನು ಕಲೆಸಬಾರದು.

ಹ್ಯಾಸ್ ಬೀನ್ ಎಂಬ ಕಂಟಿನ್ಯುಅಸ್ ರೂಪದಲ್ಲಿಯೂ ತುಂಬುಗೆರೆಯು 'ಈಗ'ವನ್ನು ಮುಟ್ಟಲೇಬೇಕೆಂಬುದಿಲ್ಲ. ಕಿಟಕಿಯನ್ನು ತೆರೆದಾಗ ಮಳೆ ನಿಂತಿದ್ದರೂ ಅಂಗಳದಲ್ಲಿ ನೀರು ನಿಂತಿದ್ದರೆ 'ಇಟ್ ಹ್ಯಾಸ್ ಬೀನ್ ರೇನಿಂಗ್' ಎನ್ನಬಹುದು. ಆದರೆ 'ಬೆಳಗ್ಗೆಯಿಂದ ಮಳೆ ಸುರಿಯುತ್ತಿದೆ' ಎಂಬುದನ್ನು ಮಗು 'ಇಟ್ ಈಸ್ ರೇನಿಂಗ್ ಸಿನ್ಸ್ ಮಾರ್ನಿಂಗ್' ಎಂದು ಬರೆದರೆ ಸಲ್ಲದು. 'ಸಿನ್ಸ್' ಎಂದೊಡನೆ 'ಈಗ'ಲ್ಲಿರುವ ಕಣ್ಣು ಹಿಂದಿರುಗಿ ನೋಡುತ್ತದೆ. ಹಿಂದಿರುಗಿ ನೋಡಿದಲ್ಲೆಲ್ಲ ಹ್ಯಾವ್ ಅಥವಾ ಹ್ಯಾಸ್ ಬೇಕು.

ಮೂರನೆಯದು ಅಲೆಯ ರೇಖೆ. ಸಿಂಪಲ್ ಎಂದರೆ ಒಂದು ಚುಕ್ಕೆ, ಕಂಟಿನ್ಯುಅಸ್ ಎಂದರೆ ಉದ್ದನೆಯ ಅಲೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಕಂಡ ಮಗು, ಬಹಳ ಹೊತ್ತು ನಡೆದ ಕೆಲಸಕ್ಕೆಲ್ಲ 'ಇಂಗ್' ಹಚ್ಚುತ್ತದೆ. ಅರುವತ್ತು ವರ್ಷ ಒಂದೇ ಊರಿನಲ್ಲಿ ಬಾಳಿ ತೀರಿಕೊಂಡ ಅಜ್ಜನ ಕುರಿತು 'ಹೀ ಲಿವ್ಡ್ ಹಿಯರ್ ಫಾರ್ ಸಿಕ್ಸ್ಟಿ ಇಯರ್ಸ್' ಎನ್ನುತ್ತೇವೆ. ಕೆಲವೇ ಕ್ಷಣಗಳಲ್ಲಿ ರಸ್ತೆ ದಾಟುವವನ ಕುರಿತು 'ಹೀ ವಾಸ್ ಕ್ರಾಸಿಂಗ್ ದಿ ರೋಡ್' ಎನ್ನುತ್ತೇವೆ. ಭೇದವಿರುವುದು ಉದ್ದದಲ್ಲಿ ಅಲ್ಲ, ಕಣ್ಣಿನ ಸ್ಥಾನದಲ್ಲಿ. ಸಿಂಪಲ್ ರೂಪದಲ್ಲಿ ಕಣ್ಣು ಕೆಲಸದ ಹೊರಗೆ ನಿಂತು ಅದನ್ನು ಇಡಿಯಾಗಿ ನೋಡುತ್ತದೆ; ಕಂಟಿನ್ಯುಅಸ್ ರೂಪದಲ್ಲಿ ಕಣ್ಣು ಕೆಲಸದ ನಡುವೆ ನಿಂತಿರುತ್ತದೆ, ಅದರ ಕೊನೆ ಕಾಣುವುದಿಲ್ಲ. 'ಹೀ ಡ್ರೌನ್ಡ್' ಎಂದರೆ ಅವನು ನೀರಿನಲ್ಲಿ ಮುಳುಗಿ ಸತ್ತನು. 'ಹೀ ವಾಸ್ ಡ್ರೌನಿಂಗ್' ಎಂದರೆ ಅಂಬಿಗನು ಬಂದು ಅವನನ್ನು ಉಳಿಸಿರಲೂಬಹುದು. ಒಂದು ಜೀವದ ಅಳಿವು ಉಳಿವು ಈ ಚಿಕ್ಕ ರೂಪದಲ್ಲಿ ಅಡಗಿದೆ. ಆದುದರಿಂದ ಕಂಟಿನ್ಯುಅಸ್ಸಿಗೆ ನಾವು ಬರೆಯುವ ಗೆರೆ ಗಿಡ್ಡವಿರಲಿ, ಉದ್ದವಿರಲಿ, ಅದರ ಎರಡು ತುದಿಗಳನ್ನೂ ಅಂಗೈಯಿಂದ ಒರಸಿ ಮಸುಕು ಮಾಡುತ್ತೇವೆ. ಕಣ್ಣನ್ನು ಗೆರೆಯ ನಡುವೆ ಇಡುತ್ತೇವೆ.

ಈಗ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸೋಣ. ನಿನ್ನೆ ಸಂಜೆ ಮಕ್ಕಳು ಶಾಲೆಯಿಂದ ಮನೆಗೆ ಬರುತ್ತಿದ್ದರು. ದಾರಿಯಲ್ಲಿ ಮಳೆ ಶುರುವಾಯಿತು. ಅಂಗಳದಲ್ಲಿ ಅಡಿಕೆ ಒಣಹಾಕಿತ್ತು. ಅವರು ಮನೆ ಸೇರುವಷ್ಟರಲ್ಲಿ ತಾಯಿ ಅಡಿಕೆಯನ್ನು ಒಳಗೆ ತಂದಾಗಿತ್ತು. ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಎಲ್ಲವೂ ನಿನ್ನೆಯದಾದ್ದರಿಂದ ಕಣ್ಣನ್ನು 'ಈಗ'ಲ್ಲಿ ಇಡುವಂತಿಲ್ಲ. ನಿನ್ನೆಯ ಸಂಜೆಯಲ್ಲಿ ಇಡಬೇಕು. ಮೊದಲು ಕಣ್ಣು ದಾರಿಯ ನಡುವೆ ಇದೆ. ನಡಿಗೆ ಮುಗಿದಿಲ್ಲ: 'ವಿ ವೇರ್ ಕಮಿಂಗ್ ಹೋಮ್'. ಆ ಮಸುಕು ಗೆರೆಯ ಮೇಲೆ ಒಂದು ಗುರುತು ಬೀಳುತ್ತದೆ: 'ಇಟ್ ಬಿಗ್ಯಾನ್ ಟು ರೇನ್'. ಅನಂತರ ಕಣ್ಣು ಮುಂದೆ ಸಾಗಿ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ: 'ವೆನ್ ವಿ ರೀಚ್ಡ್ ಹೋಮ್'. ಅಡಿಕೆಯ ಕೆಲಸ ಆ ಬಾಗಿಲಿನ ಗಳಿಗೆಗಿಂತ ಎಡಕ್ಕಿದೆ. ಬಾಗಿಲಲ್ಲಿರುವ ಕಣ್ಣು ಹಿಂದಿರುಗಿ ಅದನ್ನು ನೋಡುತ್ತದೆ: 'ಮದರ್ ಹ್ಯಾಡ್ ಬ್ರಾಟ್ ಇನ್ ದಿ ಅರೆಕಾನಟ್ಸ್'. ಇಲ್ಲಿ 'ಹ್ಯಾಡ್' ಬಿಟ್ಟು 'ಬ್ರಾಟ್ ಇನ್' ಎಂದಷ್ಟೇ ಬರೆದರೆ, ಮಕ್ಕಳು ಬಂದ ಮೇಲೆ ತಾಯಿ ಅಡಿಕೆಯನ್ನು ತೆಗೆದಳೆಂದಾಗುತ್ತದೆ; ಅಷ್ಟರಲ್ಲಿ ಅದು ಮಳೆಯಲ್ಲಿ ನೆನೆದಿತ್ತೆಂದೇ ಓದುವವನು ತಿಳಿಯುತ್ತಾನೆ. ನೆನೆದ ಅಡಿಕೆ ಬೂಷ್ಟು ಹಿಡಿಯುತ್ತದೆಂಬುದು ನಿಮಗೆಲ್ಲ ಗೊತ್ತು. 'ಹ್ಯಾಡ್' ಎಂಬ ಒಂದು ಮಾತು ಒಂದು ಅಂಗಳದ ಅಡಿಕೆಯನ್ನು ಉಳಿಸಿತು! ಅದು ಬಹುಹಿಂದಿನ ಸಂಗತಿಯಲ್ಲ, ಕೆಲವು ನಿಮಿಷಗಳಷ್ಟೇ ಮುಂಚಿನದು ಎಂಬುದನ್ನೂ ಗಮನಿಸಿರಿ.

ಈ ಕಣ್ಣಿನ ಚಿತ್ರಕ್ಕೂ ಮಿತಿಯುಂಟು. ಕ್ರಿಯಾಪದದ ಸ್ವಭಾವವನ್ನು ಅದು ತಿಳಿಸದು. ಬೆಳಗಿನಿಂದ ಬರುತ್ತಿರುವ ಮಳೆಗೂ ಹತ್ತು ವರ್ಷದ ಪರಿಚಯಕ್ಕೂ ರೇಖೆ ಒಂದೇ ತೆರನಾಗಿದ್ದರೂ, 'ನೋ' ಎಂಬಂತಹ, ಕೆಲಸವನ್ನಲ್ಲದೆ ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ 'ಇಂಗ್' ಹತ್ತುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು. ದೇಶಭೇದವೂ ಇದೆ. ಈಗತಾನೆ ಊಟ ಮಾಡಿದವನು ಬ್ರಿಟಿಷ್ ರೂಢಿಯಲ್ಲಿ 'ಐ ಹ್ಯಾವ್ ಜಸ್ಟ್ ಈಟನ್' ಎನ್ನುತ್ತಾನೆ. ಅಮೆರಿಕದಲ್ಲಿ 'ಐ ಜಸ್ಟ್ ಏಟ್' ಎಂಬುದೂ ಬಳಕೆಯಲ್ಲಿದೆ. ನಮ್ಮ ಪಾಠಗಳಲ್ಲಿ ಮೊದಲಿನ ರೂಢಿಯನ್ನು ಅನುಸರಿಸುತ್ತೇವೆ.

ಇಂಗ್ಲಿಷ್ ಬಾರದ ಪೋಷಕರೂ ಮಗುವಿನ ರೇಖೆಯನ್ನು ಪರೀಕ್ಷಿಸಬಹುದು. ಕಾಲದ ಹೆಸರನ್ನು ಕೇಳಬೇಡಿರಿ. ಹೆಸರು ಬಾಯಿಪಾಠದಿಂದಲೂ ಬರುತ್ತದೆ. ಚಿತ್ರದ ಮೇಲೆ ಬೆರಳಿಟ್ಟು ಕನ್ನಡದಲ್ಲಿಯೇ ಎರಡು ಪ್ರಶ್ನೆಗಳನ್ನು ಕೇಳಿರಿ: "ಹೇಳುವವನು ಎಲ್ಲಿ ನಿಂತಿದ್ದಾನೆ? ಅಲ್ಲಿ ನಿಂತಾಗ ಕೆಲಸ ಮುಗಿದಿದೆಯೋ, ಇಲ್ಲವೋ?" 'ಫಾದರ್ ಹ್ಯಾಸ್ ಗಾನ್ ಟು ಮಂಗಳೂರು' ಎಂದು ಮಗು ಬರೆದಿದ್ದರೆ, "ತಂದೆ ಈಗ ಮನೆಯಲ್ಲಿದ್ದಾರೆಯೇ?" ಎಂದು ಕೇಳಿರಿ. ಇಲ್ಲವೆಂದು ತಡವರಿಸದೆ ಉತ್ತರ ಬಂದರೆ ಆ ಮಗು ರೂಪವನ್ನು ಅರಿತಿದೆ. "ಇರಬಹುದು, ಸ್ವಲ್ಪ ಹೊತ್ತಿನ ಹಿಂದೆ ಹೋಗಿ ಬಂದರು" ಎಂದರೆ, ಅದರ ಮನಸ್ಸಿನಲ್ಲಿ ದೂರದ ಚಿತ್ರವೇ ಕುಳಿತಿದೆ ಎಂದು ತಿಳಿಯಿರಿ. ಮರುದಿನ ಅದನ್ನು ನಮ್ಮ ಬಳಿಗೆ ಕಳುಹಿಸಿರಿ. ಹಲಗೆಯನ್ನು ಒರಸಿ, ಕಣ್ಣಿನಿಂದಲೇ ಮತ್ತೆ ಆರಂಭಿಸುತ್ತೇವೆ.