ಅಡಿಯೋ, ಮೀಟರೋ?
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯಲ್ಲಿ ಓದುವಾಗ ಲೆಕ್ಕದ ಉತ್ತರ ಸರಿ ಇದ್ದರೂ ಪಕ್ಕದಲ್ಲಿ ಏಕಮಾನ ಬರೆಯದಿದ್ದರೆ ನಮಗೆ ಅರ್ಧ ಅಂಕ ಹೋಗುತ್ತಿತ್ತು. ಆಗ ಬಹಳ ಸಿಟ್ಟು ಬರುತ್ತಿತ್ತು. ಆ ಅರ್ಧ ಅಂಕದ ಬೆಲೆ ಏನು ಎಂಬುದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಇವತ್ತು ಅದೊಂದನ್ನೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಅಡಿಯೂ ಇದೆ, ಮೀಟರೂ ಇದೆ. ಶಹಾಬಾದ್ ಫರಸಿ ಕೊಳ್ಳುವಾಗ ಚದರ ಅಡಿಯ ಲೆಕ್ಕ. ಬೋರು ಕೊರೆಸಿದರೆ ಎಷ್ಟು ಅಡಿಗೆ ನೀರು ಬಿತ್ತು ಎಂದು ಕೇಳುತ್ತೇವೆ. ಆದರೆ ವಾಡಿ ಜಂಕ್ಷನ್ನಿನ ಹಳದಿ ಫಲಕ ನೋಡಿ: ಸಮುದ್ರಮಟ್ಟದಿಂದ ಊರಿನ ಎತ್ತರವನ್ನು ಅಲ್ಲಿ ಮೀಟರಿನಲ್ಲಿ ಬರೆದಿದ್ದಾರೆ, ನಾನೂರು ಚಿಲ್ಲರೆ ಮೀಟರ್. ನೆಲದ ಎತ್ತರ ಹೀಗೆ ಮೀಟರಿನಲ್ಲಿದ್ದರೆ, ಆಕಾಶದಲ್ಲಿ ಹೋಗುವ ವಿಮಾನದ ಎತ್ತರವನ್ನು ನಮ್ಮ ದೇಶದಲ್ಲಿ ಇಂದಿಗೂ ಅಡಿಯಲ್ಲೇ ಹೇಳುತ್ತಾರೆ.

ನಮ್ಮ ಅಪ್ಪನನ್ನು ಮೊದಲ ಸಲ ಹೈದರಾಬಾದಿನಿಂದ ದೆಹಲಿಗೆ ವಿಮಾನದಲ್ಲಿ ಕರೆದುಕೊಂಡು ಹೋದಾಗ, ನಾವು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿದ್ದೇವೆ ಎಂದು ಪೈಲಟ್ ಹೇಳಿದರು. ಅಪ್ಪ ನನ್ನ ಕಡೆ ತಿರುಗಿ, "ಅಂದ್ರ ಎಷ್ಟಾಯ್ತು ತಮ್ಮಾ? ಕಿಲೋಮೀಟರದಾಗ ಹೇಳು" ಎಂದರು. ಮೊಬೈಲ್ ಬಂದ್ ಮಾಡಿಟ್ಟಿದ್ದೆ. ಬಾಯಿಲೆಕ್ಕವೇ ಗತಿ.

ಈ ಬಾಯಿಲೆಕ್ಕ ಸುಲಭ. ಒಂದು ಅಡಿ ಎಂದರೆ 0.3048 ಮೀಟರ್. ಇದು ಸುಮಾರು ಅಲ್ಲ, ಕರಾರುವಾಕ್ಕು. 1959ರಲ್ಲಿ ಇಂಗ್ಲಿಷ್ ಅಳತೆ ಬಳಸುತ್ತಿದ್ದ ದೇಶಗಳು ಒಪ್ಪಂದ ಮಾಡಿಕೊಂಡು ಒಂದು ಇಂಚು ಅಂದರೆ 25.4 ಮಿಲಿಮೀಟರ್ ಎಂದು ಗೊತ್ತುಮಾಡಿದವು. ಹನ್ನೆರಡು ಇಂಚಿಗೆ 304.8 ಮಿಲಿಮೀಟರ್ ಆಯಿತು. ಹಾಗಾದರೆ ಸಾವಿರ ಅಡಿಗೆ 304.8 ಮೀಟರ್. ಇದನ್ನು 300 ಮತ್ತು 4.8 ಎಂದು ಒಡೆದುಕೊಳ್ಳಿ. 35 ಸಾವಿರಕ್ಕೆ ಮೊದಲು 35ನ್ನು 300ರಿಂದ ಗುಣಿಸಿದರೆ 10,500. ಆಮೇಲೆ 35ನ್ನು 4.8ರಿಂದ ಗುಣಿಸಿದರೆ 168. ಎರಡೂ ಕೂಡಿಸಿದರೆ 10,668 ಮೀಟರ್.

ಅಪ್ಪನಿಗೆ "ಹತ್ತೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ" ಎಂದೆ. ಅವರು ಯೋಚಿಸಿ, "ಅಂದ್ರ ಹೆಚ್ಚು ಕಡಿಮಿ ವಾಡಿಯಿಂದ ಶಹಾಬಾದಿಗಿ ಹೋದಷ್ಟು ದಾರಿ, ಮ್ಯಾಲಕ್ಕ ನಿಲ್ಲಿಸಿದಂಗ ಅದ" ಎಂದರು. ನಾನು ಹೇಳಿದ ಅಂಕಿಗಿಂತ ಆ ಮಾತು ಚೆನ್ನಾಗಿತ್ತು.

10,668 ಎಂಬ ಪೂರ್ತಿ ಸಂಖ್ಯೆಯನ್ನು ನಾನು ಹೇಳದೇ ಇದ್ದುದಕ್ಕೂ ಕಾರಣವಿದೆ. ವಿಮಾನದ ಎತ್ತರಮಾಪಕ ಹಗ್ಗ ಬಿಟ್ಟು ಅಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡವನ್ನು ಅಳೆದು ಅದನ್ನು ಎತ್ತರವಾಗಿ ತೋರಿಸುತ್ತದೆ. ಮೇಲೆ ಹೋದ ನಂತರ ಎಲ್ಲ ಪೈಲಟ್‌ಗಳೂ ಸಮುದ್ರಮಟ್ಟದಲ್ಲಿ ಒಂದೇ ಒತ್ತಡ, ಅಂದರೆ 1013.25 ಹೆಕ್ಟೋಪಾಸ್ಕಲ್, ಇದೆ ಎಂದು ಇಟ್ಟುಕೊಂಡು ಮಾಪಕ ಹೊಂದಿಸುತ್ತಾರೆ. ಎಲ್ಲರೂ ಒಂದೇ ರೀತಿ ಹೊಂದಿಸಿದ್ದರಿಂದ ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಉಳಿಯುತ್ತದೆ. ಆದರೆ ಗಾಳಿ ಬಿಸಿಯಾಗಿದ್ದ ದಿನ ವಿಮಾನ ನಿಜವಾಗಿ ಮಾಪಕ ತೋರಿಸುವುದಕ್ಕಿಂತ ಕೆಲವು ನೂರು ಮೀಟರ್ ಮೇಲೆಯೇ ಇರಬಹುದು. ಆದ್ದರಿಂದ ಪ್ರಯಾಣಿಕರಿಗೆ "ಸುಮಾರು 10.7 ಕಿಲೋಮೀಟರ್" ಎಂದರೆ ಸಾಕು. ಗುಣಾಕಾರ ಎಷ್ಟೇ ನಿಖರವಾಗಿರಲಿ, ಮೂಲ ಅಳತೆಯಲ್ಲಿ ಇಲ್ಲದ ನಿಖರತೆಯನ್ನು ಅದು ತಂದುಕೊಡಲಾರದು.

ಇನ್ನು ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಟ್ಟ ಹತ್ತುವವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಬೆಟ್ಟಗಳ ಎತ್ತರದ ಪಟ್ಟಿ ನನ್ನ ಕೈಗೆ ಬಂತು. ಕಾಲಮ್ಮಿನ ಹೆಸರು ಬರೀ `height`. ಮೇಲಿನ ನಾಲ್ಕಾರು ಸಾಲುಗಳು ಅಡಿಯಲ್ಲಿದ್ದವು. ಎಲ್ಲವೂ ಅಡಿಯೇ ಎಂದುಕೊಂಡು ಪೂರ್ತಿ ಪಟ್ಟಿಯನ್ನು 0.3048ರಿಂದ ಗುಣಿಸಿಬಿಟ್ಟೆ. ಆದರೆ ಕೆಳಗಿನ ಸಾಲುಗಳನ್ನು ಬೇರೆ ಯಾರೋ ಮೀಟರಿನಲ್ಲಿ ತುಂಬಿದ್ದರು. ಮುಳ್ಳಯ್ಯನಗಿರಿಯ 1930 ಮೀಟರ್ ನನ್ನ ಕೈಯಲ್ಲಿ 588 ಆಯಿತು.

ಕಂಪ್ಯೂಟರ್ ತಕರಾರು ಮಾಡಲಿಲ್ಲ. ಅದಕ್ಕೆ 1930 ಒಂದು ಸಂಖ್ಯೆ, 588 ಇನ್ನೊಂದು ಸಂಖ್ಯೆ, ಅಷ್ಟೇ. ತಪ್ಪು ಹಿಡಿದವನು ಚಿಕ್ಕಮಗಳೂರಿನ ಕಡೆಯ ಒಬ್ಬ ಸಹೋದ್ಯೋಗಿ. "ಏನಪ್ಪಾ, ಬೆಂಗಳೂರೇ ಒಂಬೈನೂರು ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಗಿರಿಗೆ ನಾವು ಇಲ್ಲಿಂದ ಇಳಿದುಕೊಂಡು ಹೋಗಬೇಕಾ?" ಎಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಅರ್ಧ ಅಂಕ ನೆನಪಾಯಿತು.

ಅವತ್ತೇ ಕಾಲಮ್ಮನ್ನು ಎರಡು ಮಾಡಿ `height_ft`, `height_m` ಎಂದು ಹೆಸರಿಟ್ಟೆ. ಮೂಲದಲ್ಲಿ ಯಾವ ಅಳತೆ ಇತ್ತೋ ಅದನ್ನು ಹಾಗೆಯೇ ಉಳಿಸಿ, ತೋರಿಸುವಾಗ ಒಂದೇ ಸಲ ಪರಿವರ್ತಿಸುವಂತೆ ಬದಲಾಯಿಸಿದೆ. ಜೊತೆಗೆ ಒಂದು ತಾಳೆಯನ್ನೂ ಹಾಕಿದೆ: ಯಾವ ಬೆಟ್ಟದ ಎತ್ತರವೂ ಅದರ ಬುಡದ ಊರಿಗಿಂತ ಕಡಿಮೆ ಇರಬಾರದು, ಕರ್ನಾಟಕದ ಯಾವ ಬೆಟ್ಟವೂ ಮುಳ್ಳಯ್ಯನಗಿರಿಯನ್ನು ಮೀರಬಾರದು.

ಆದರೆ ಈ ತಾಳೆಗೂ ಸಿಗದ ಸಂಖ್ಯೆಗಳಿವೆ. 1,500 ಎಂಬುದು ಅಡಿಯಾದರೂ ನಂಬುವಂತಿದೆ, ಮೀಟರಾದರೂ ನಂಬುವಂತಿದೆ. ಅಂಥದ್ದೇ ಒಂದು 1,500 ಎಂಟು ಜನರ ಜೀವ ತೆಗೆದಿದೆ.

1999ರ ಏಪ್ರಿಲ್ 15ರಂದು ಕೊರಿಯನ್ ಏರ್ ಸಂಸ್ಥೆಯ ಸರಕು ವಿಮಾನವೊಂದು ಚೀನಾದ ಶಾಂಘೈನಿಂದ ಸೋಲ್ ನಗರಕ್ಕೆ ಹೊರಟಿತು. ಚೀನಾದಲ್ಲಿ ವಿಮಾನದ ಎತ್ತರವನ್ನು ಮೀಟರಿನಲ್ಲಿ ಹೇಳುತ್ತಾರೆ. 1,500 ಮೀಟರಿಗೆ ಏರಿ ಎಂದು ಕೆಳಗಿನಿಂದ ಅಪ್ಪಣೆ ಬಂತು. ಅಂದರೆ ಸುಮಾರು 4,900 ಅಡಿ. ವಿಮಾನ 4,500 ಅಡಿ ತಲುಪಿದಾಗ ಕ್ಯಾಪ್ಟನ್ನಿಗೆ ಅನುಮಾನ ಬಂದು ಸಹ ಪೈಲಟನ್ನು ಕೇಳಿದರು. 1,500 ಅಡಿ ಎಂಬ ಉತ್ತರ ಬಂತು. ಹಾಗಾದರೆ ನಾವು ಮೂರು ಸಾವಿರ ಅಡಿ ಮೇಲೆ ಬಂದುಬಿಟ್ಟಿದ್ದೇವೆ ಎಂದುಕೊಂಡು ಕ್ಯಾಪ್ಟನ್ ವಿಮಾನದ ಮೂತಿಯನ್ನು ಒಮ್ಮೆಲೇ ಕೆಳಕ್ಕೆ ಒತ್ತಿದರು. ಮತ್ತೆ ಮೇಲೆತ್ತಲು ಆಗಲೇ ಇಲ್ಲ. ವಿಮಾನದಲ್ಲಿದ್ದ ಮೂವರು, ನೆಲದ ಮೇಲಿದ್ದ ಐವರು ತೀರಿಕೊಂಡರು.

ನಮ್ಮ ಲೆಕ್ಕದಿಂದ ನೋಡೋಣ. 4,500 ಅಡಿ ಎಂದರೆ ನಾಲ್ಕೂವರೆ ಸಲ 304.8, ಅಂದರೆ ಹತ್ತಿರ ಹತ್ತಿರ 1,372 ಮೀಟರ್. ಹೋಗಬೇಕಾದದ್ದು 1,500 ಮೀಟರ್. ಅವರು ಮೂರು ಸಾವಿರ ಅಡಿ ಮೇಲೆ ಇರಲಿಲ್ಲ; ಇನ್ನೂ 128 ಮೀಟರ್ ಏರುವುದೇ ಬಾಕಿ ಇತ್ತು. ಅಲ್ಲಿ ಗುಣಾಕಾರ ತಪ್ಪಿರಲಿಲ್ಲ. ಸಂಖ್ಯೆಯೂ ಸರಿಯಾಗಿಯೇ ನೆನಪಿತ್ತು. ಮರೆತದ್ದು ಅದರ ಪಕ್ಕದ ಒಂದು ಶಬ್ದ.

ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯವರೂ ಅಲ್ಲಿಂದಲೇ ವಿಮಾನ ಹತ್ತುವಂತಾಯಿತು. ತಮ್ಮ ತಂಗಿಯರೇ, ನೀವು ಹತ್ತಿದಾಗ ಪೈಲಟ್ ಹೇಳುವ ಅಡಿಯನ್ನು ಸಾವಿರಕ್ಕೆ 300 ಮತ್ತು 4.8ರಂತೆ ಒಡೆದು ನೋಡಿ. ಬಂದ ಉತ್ತರದಿಂದ ವಾಡಿ ಫಲಕದ ನಾನೂರು ಚಿಲ್ಲರೆ ಮೀಟರ್ ಕಳೆಯಿರಿ. ನಮ್ಮೂರ ಹೊಲಗಳಿಂದ ಎಷ್ಟು ಮೇಲಿದ್ದೀರಿ ಎಂಬುದು ಸುಮಾರಾಗಿ ಗೊತ್ತಾಗುತ್ತದೆ. ಉತ್ತರದ ಮುಂದೆ ಮೀಟರ್ ಎಂದು ಬರೆಯಿರಿ.

ಅರ್ಧ ಅಂಕ ಕಳೆದ ನನ್ನ ಗುರುಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸರ್, ಅವತ್ತಿನ ಸಿಟ್ಟನ್ನು ಇವತ್ತು ವಾಪಸು ತೆಗೆದುಕೊಂಡಿದ್ದೇನೆ.