ಕೊನೆಯ ಸೆಮಿಸ್ಟರಿಗೆ ಸಾಲದ ಎರಡು ಲಕ್ಷ

ರೂಪಾಯಿ ಕುಸಿದಾಗೆಲ್ಲ ನಾವು ಷೇರುಪೇಟೆಯವರನ್ನ, ರಫ್ತುದಾರರನ್ನ ಕೂರಿಸ್ಕೊಂಡು ಚರ್ಚೆ ಮಾಡ್ತೀವಿ. ಮನೆಪತ್ರ ಬ್ಯಾಂಕಿನಲ್ಲಿಟ್ಟು ಮಗಳನ್ನ ಅಮೆರಿಕಕ್ಕೆ ಎಂ.ಎಸ್. ಓದೋಕೆ ಕಳಿಸಿದ ಅಪ್ಪನನ್ನ ಯಾರೂ ಕರೆಯಲ್ಲ. ಇವತ್ತು ಅಂಥ ಒಂದು ಮನೆಯ ಲೆಕ್ಕ ನೋಡೋಣ.

ನಾಲ್ಕು ಸೆಮಿಸ್ಟರು, ಒಂದಕ್ಕೆ 15,000 ಡಾಲರ್ ಅಂತಿಟ್ಕೊಳ್ಳಿ. 2024ರ ಆರಂಭದಲ್ಲಿ ಸಾಲಕ್ಕೆ ಅರ್ಜಿ ಹಾಕಿದಾಗ ಡಾಲರಿಗೆ ಸುಮಾರು 83 ರೂಪಾಯಿ. ಒಟ್ಟು 49 ಲಕ್ಷದ 80 ಸಾವಿರ. ಬ್ಯಾಂಕು 50 ಲಕ್ಷ ಮಂಜೂರು ಮಾಡಿತು, ಮನೆಯವರು ನಿಶ್ಚಿಂತರಾದರು. ಆದರೆ ಫೀಸು ಒಂದೇ ಸಲ ಹೋಗಲ್ಲ. ಬ್ಯಾಂಕು ಆರು ತಿಂಗಳಿಗೊಮ್ಮೆ, ಆ ದಿನದ ದರಕ್ಕೆ ಕಳಿಸುತ್ತೆ. ಮೊದಲ ಮೂರು ಕಂತು 84, 86, ಎಂಬತ್ತೇಳೂವರೆಗೆ ಹೋದವು ಅಂದ್ರೆ 38 ಲಕ್ಷದ 62 ಸಾವಿರ ಖರ್ಚಾಯಿತು. ಉಳಿದದ್ದು 11 ಲಕ್ಷದ 38 ಸಾವಿರ. 2025ರ ಡಿಸೆಂಬರಿನಲ್ಲಿ ಡಾಲರು 90 ದಾಟಿತು. ಕೊನೆಯ ಕಂತಿಗೆ ಬೇಕಾದದ್ದು ಹದಿಮೂರೂವರೆ ಲಕ್ಷ. ಕಾಲೇಜು ಒಂದು ಡಾಲರೂ ಏರಿಸಿಲ್ಲ, ಆದರೂ ಎರಡು ಲಕ್ಷಕ್ಕೂ ಹೆಚ್ಚು ಕೊರತೆ!

ಈ ಕೊರತೆ ಯಾವಾಗಲೂ ಕೊನೆಯಲ್ಲೇ ಬಂದು ನಿಲ್ಲುತ್ತೆ. ಬಾಕಿ ಇದ್ದರೆ ಎಷ್ಟೋ ವಿಶ್ವವಿದ್ಯಾಲಯಗಳು ನೋಂದಣಿ ತಡೆಹಿಡಿಯುತ್ತವೆ. ನೋಂದಣಿ ಇಲ್ಲದಿದ್ದರೆ ವಿದ್ಯಾರ್ಥಿ ವೀಸಾಕ್ಕೇ ಕುತ್ತು. ಆಗ ಸಾಲ ಹೆಚ್ಚಿಸಿ ಅಂತ ಬ್ಯಾಂಕಿಗೆ ಓಡಿದರೆ ಮತ್ತೆ ಆದಾಯದ ಕಾಗದ, ಮತ್ತೆ ಮಂಜೂರಾತಿ. ಅಷ್ಟರಲ್ಲಿ ಗಡುವು ಮುಗಿದಿರುತ್ತೆ.

ಹಾಗಾಗಿ ಅರ್ಜಿ ಹಾಕುವ ದಿನವೇ ಪ್ರತಿ ಕಂತಿನ ತಿಂಗಳು ಬರೆದು, ವರ್ಷಕ್ಕೆ ಶೇ. 4ರಷ್ಟು ಡಾಲರ್ ಏರುತ್ತೆ ಅಂತ ಲೆಕ್ಕ ಹಾಕಿ. 2014ರಲ್ಲಿ 60ರ ಆಸುಪಾಸಿನಲ್ಲಿದ್ದದ್ದು 2025ರ ಕೊನೆಗೆ 90 ಆಗಿದೆ, ಸರಾಸರಿ ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ಈ ಮನೆಯವರು 54 ಲಕ್ಷ ಮಂಜೂರು ಮಾಡಿಸಿದ್ದರೆ ಸಾಕಿತ್ತು. ಬಡ್ಡಿ ಬೀಳೋದು ತೆಗೆದ ಹಣಕ್ಕೆ ಮಾತ್ರ, ಮಂಜೂರಾದದ್ದಕ್ಕಲ್ಲ.

ರೂಪಾಯಿ ಇನ್ನೂ ಬೀಳುತ್ತೆ, ಪೂರ್ತಿ ಸಾಲ ಈಗಲೇ ತೆಗೆದು ಡಾಲರ್ ಮಾಡ್ಕೊಳ್ಳಿ ಅನ್ನೋ ಬುದ್ಧಿವಂತರೂ ಇದ್ದಾರೆ. ಬೇಡ ಸ್ವಾಮಿ! ಶೇ. 10ರ ಬಡ್ಡಿ ಕಟ್ಟಿ ಶೇ. 4ರ ಕುಸಿತ ತಪ್ಪಿಸ್ಕೊಳ್ಳೋದು ಯಾವ ಲಾಭ? ಸ್ವಂತ ಉಳಿತಾಯವಿದ್ದರೆ ಮಾತು ಬೇರೆ, ಮುಂದಿನ ಒಂದು ಕಂತಿನಷ್ಟನ್ನ ಎರಡು ಮೂರು ಸಲ ಕಳಿಸಿಡಬಹುದು.

ಇನ್ನೊಂದು ಮಾತು. ನಮ್ಮ ಪರದೆಯ ಕೆಳಗೆ ಓಡೋ ದರ ಬ್ಯಾಂಕು ಬ್ಯಾಂಕುಗಳ ನಡುವಿನದು. ನಿಮಗೆ ಹಾಕೋ ದರ ಅದಕ್ಕಿಂತ ಜಾಸ್ತಿ ಇರುತ್ತೆ. 15,000 ಡಾಲರಿಗೆ ಒಂದು ರೂಪಾಯಿ ವ್ಯತ್ಯಾಸ ಅಂದ್ರೆ 15,000 ರೂಪಾಯಿ. ಸಹಿ ಹಾಕೋ ಮೊದಲು ಮ್ಯಾನೇಜರನ್ನ ಕೇಳಿ: ಇವತ್ತಿನ ದರ ಎಷ್ಟು, ಎಷ್ಟು ಕಡಿಮೆ ಮಾಡ್ತೀರಿ?