ಎಂಟು ಜನರ ಹುಗ್ಗಿಯಿಂದ ಅರವತ್ತೈದು ಜನರ ಹುಗ್ಗಿಗೆ
(ವಿಜಯಪುರದಲ್ಲಿ ರೈತ ಮಹಿಳೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ಬೇಸಾಯ ಶಾಸ್ತ್ರದ ಮೇಷ್ಟ್ರು ಹುಗ್ಗಿಯ ವಿಷಯ ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಎಕರೆಗೆ 3 ಕಿಲೋ ಹಿಂಗಾರಿ ಜೋಳದ ಬೀಜ ಎಂದಾಗ ಮೂರೂವರೆ ಎಕರೆಗೆ ಹತ್ತೂವರೆ ಕಿಲೋ ಎಂದು ನೀವು ಬಾಯಲ್ಲೇ ಲೆಕ್ಕ ಹಾಕುತ್ತೀರಿ. ಅಡಿಗೆಯ ಲೆಕ್ಕವೂ ಇದೇ ಜಾತಿಯದು. ಒಂದು ವ್ಯತ್ಯಾಸವಿದೆ: ಅಡಿಗೆಯಲ್ಲಿ ಕೆಲವು ಪದಾರ್ಥಗಳು ಜನರ ಸಂಖ್ಯೆಗೆ ಸರಿಯಾಗಿ ಹೆಚ್ಚುತ್ತವೆ, ಕೆಲವು ಹೆಚ್ಚುವುದಿಲ್ಲ. ಈ ಭೇದವನ್ನು ಮರೆತರೆ ಹುಗ್ಗಿ ನೀರಾಗುತ್ತದೆ, ಇಲ್ಲವೆ ತಳ ಹಿಡಿಯುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲಿ ಕುಳಿತ ನೆಂಟರಿಗೆ ಬಡಿಸುವ ಹೊತ್ತಿನಲ್ಲಿ ಅದನ್ನು ಸರಿಪಡಿಸಲು ಸಮಯವಿರುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮನೆಯಲ್ಲಿ 8 ಜನರಿಗೆ ಗೋಧಿ ಹುಗ್ಗಿ ಮಾಡುವ ಅಳತೆ ಗೊತ್ತಿದೆ. ಟಿಕೋಟಾ ಕಡೆಯ ಒಂದು ಹೊಲಕ್ಕೆ ಅಮಾವಾಸ್ಯೆಗೆ 65 ಜನ ಬರುತ್ತಾರೆ. ಮೊದಲು 65ನ್ನು 8ರಿಂದ ಭಾಗಿಸಬೇಕು. ಬರುವುದು 8.125. ಇದಕ್ಕೆ ಗುಣಕ ಎನ್ನೋಣ. ಮನೆಯ ಅಳತೆಯ ಪ್ರತಿಯೊಂದು ಪದಾರ್ಥವನ್ನೂ ಇದರಿಂದ ಗುಣಿಸಬೇಕು. ಬಂದ ಉತ್ತರವನ್ನು ಕೊನೆಯಲ್ಲಿ ಒಂದೇ ಬಾರಿ ದುಂಡು ಅಂಕಿ ಮಾಡಬೇಕು.

| ಪದಾರ್ಥ | 8 ಜನಕ್ಕೆ | ಗುಣಿಸಿ ಬಂದದ್ದು | ತೆಗೆದಿಡುವುದು |
|---|---|---|---|
| ಕುಟ್ಟಿದ ಗೋಧಿ | 400 ಗ್ರಾಂ | 3250 ಗ್ರಾಂ | 3¼ ಕಿಲೋ |
| ಬೆಲ್ಲ | 400 ಗ್ರಾಂ | 3250 ಗ್ರಾಂ | 3¼ ಕಿಲೋ |
| ಒಣ ಕೊಬ್ಬರಿ | 50 ಗ್ರಾಂ | 406 ಗ್ರಾಂ | 400 ಗ್ರಾಂ |
| ಒಣದ್ರಾಕ್ಷಿ | 30 ಗ್ರಾಂ | 244 ಗ್ರಾಂ | 250 ಗ್ರಾಂ |
| ಗಸಗಸೆ | 6 ಗ್ರಾಂ | 49 ಗ್ರಾಂ | 50 ಗ್ರಾಂ |
| ತುಪ್ಪ | 4 ದೊಡ್ಡ ಚಮಚ (60 ಮಿ.ಲೀ.) | 488 ಮಿ.ಲೀ. | ಅರ್ಧ ಲೀಟರ್ |
| ಏಲಕ್ಕಿ | 6 ಕಾಯಿ | 49 ಕಾಯಿ | ಮೊದಲು 36, ಉಳಿದದ್ದು ರುಚಿ ನೋಡಿ |
| ನೀರು | 2 ಲೀಟರ್ | 16¼ ಲೀಟರ್ | ಮೊದಲು 13 ಲೀಟರ್, 3 ಲೀಟರ್ ಬಿಸಿ ನೀರು ಪಕ್ಕಕ್ಕೆ |
| ಉಪ್ಪು | ಒಂದು ಚಿಟಿಕೆ | 8 ಚಿಟಿಕೆ | ಅರ್ಧ ಸಣ್ಣ ಚಮಚ |

ಕೊನೆಯಲ್ಲಿ ಒಂದೇ ಬಾರಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಹಲವರು ಮೊದಲು ಒಬ್ಬರಿಗೆ ಎಷ್ಟು ಎಂದು ತೆಗೆಯುತ್ತಾರೆ. ತುಪ್ಪ ಒಬ್ಬರಿಗೆ ಅರ್ಧ ಚಮಚ ಬರುತ್ತದೆ. ಅರ್ಧವೇಕೆ, ಒಂದೇ ಇರಲಿ ಎಂದು ಅಲ್ಲೇ ದುಂಡು ಮಾಡಿ 65ರಿಂದ ಗುಣಿಸಿದರೆ 65 ಚಮಚ, ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ಆಗುತ್ತದೆ. ಬೇಕಾದದ್ದು ಅರ್ಧ ಲೀಟರ್ ಮಾತ್ರ. ಸಣ್ಣ ಅಂಕಿಯಲ್ಲಿ ಮಾಡಿದ ಸ್ವಲ್ಪ ಸಡಿಲು, ಗುಣಿಸಿದಾಗ ದೊಡ್ಡದಾಗುತ್ತದೆ. ಅದೇ ದೊಡ್ಡ ಅಂಕಿ ಬಂದ ಮೇಲೆ 488ನ್ನು 500 ಮಾಡಿದರೆ ಯಾರ ನಾಲಿಗೆಗೂ ತಿಳಿಯುವುದಿಲ್ಲ.

ಎಷ್ಟರ ಮಟ್ಟಿಗೆ ದುಂಡು ಮಾಡಬಹುದು? ನಾನು ಹೇಳುವ ಅಳತೆ ಇಪ್ಪತ್ತರಲ್ಲಿ ಒಂದು ಪಾಲು. ಬಂದ ಉತ್ತರಕ್ಕಿಂತ ಅಷ್ಟರೊಳಗೆ ಮೇಲೆ ಅಥವಾ ಕೆಳಗೆ ಹೋದರೆ ತೊಂದರೆಯಿಲ್ಲ. ಕೊಬ್ಬರಿ 406ರ ಬದಲು 400, ದ್ರಾಕ್ಷಿ 244ರ ಬದಲು ಕಾಲು ಕಿಲೋ, ಇವೆಲ್ಲ ಆ ಮಿತಿಯೊಳಗೇ ಇವೆ. ನಿಮ್ಮ ತಕ್ಕಡಿಯಲ್ಲಿರುವ ಕಲ್ಲು, ಮನೆಯಲ್ಲಿರುವ ಚಮಚ ಯಾವುದಕ್ಕೆ ಒಗ್ಗುತ್ತದೋ ಆ ಅಂಕಿಗೆ ತರಬೇಕು. 49 ಗ್ರಾಂ ಗಸಗಸೆಯನ್ನು ತೂಗಲು ಯಾರೂ ಕೂರುವುದಿಲ್ಲ, 50 ಗ್ರಾಮಿನ ಕಲ್ಲು ಎಲ್ಲರ ಬಳಿ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗೋಧಿ ಮತ್ತು ಬೆಲ್ಲ ಜೋಡಿ ಎತ್ತುಗಳಿದ್ದಂತೆ, ಎರಡೂ ಒಂದೇ ಕಡೆಗೆ ನಡೆಯಬೇಕು. ಗೋಧಿಯನ್ನು ಮೂರೂವರೆ ಕಿಲೋಗೆ ಏರಿಸಿ, ಬೆಲ್ಲ ತುಟ್ಟಿಯೆಂದು ಮೂರಕ್ಕೆ ಇಳಿಸಿದರೆ, ಸಮ ಇದ್ದ ಸಿಹಿ ಏಳು ಪಾಲಿನಲ್ಲಿ ಒಂದು ಪಾಲು ಕುಂದುತ್ತದೆ. ಎರಡನ್ನೂ ಮೂರೂವರೆ ಮಾಡಿದರೆ ರುಚಿ ಕೆಡುವುದಿಲ್ಲ, ಊಟಕ್ಕೆ ಐದು ಜನ ಹೆಚ್ಚು ಬಂದರೂ ಸಾಲುತ್ತದೆ. ಆಗ ಗುಣಕ 8.75 ಆಗುತ್ತದೆ, ಉಳಿದ ಪದಾರ್ಥಗಳನ್ನೂ ಅದರಿಂದಲೇ ಗುಣಿಸಬೇಕು. ಸೇರಿನಿಂದ ಅಳೆಯುವವರು ಮತ್ತೊಂದು ಮಾತು ನೆನಪಿಡಬೇಕು. ಸೇರು ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಒಂದು ಸೇರು ಗೋಧಿಯ ತೂಕ ಒಂದು ಸೇರು ಪುಡಿ ಬೆಲ್ಲಕ್ಕೆ ಸಮನಾಗಿರುವುದಿಲ್ಲ. ಆದುದರಿಂದ ಈ ಎರಡನ್ನಾದರೂ ತೂಗಿಯೇ ತೆಗೆದುಕೊಳ್ಳುವುದು ಲೇಸು.

ಇನ್ನು ಗುಣಕಕ್ಕೆ ಒಗ್ಗದ ಪದಾರ್ಥಗಳು. ಮೊದಲನೆಯದು ನೀರು. ನೀರು ಆವಿಯಾಗುವುದು ಪಾತ್ರೆಯ ಮೇಲ್ಮೈಯಿಂದ. ಸಣ್ಣ ಪಾತ್ರೆಯಲ್ಲಿ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ದೊಡ್ಡ ಹಂಡೆಯಲ್ಲಿ ಪದಾರ್ಥ ಎಂಟು ಪಟ್ಟಾದರೂ ಬಾಯಿಯ ಅಗಲ ಅಷ್ಟು ಪಟ್ಟು ಬೆಳೆದಿರುವುದಿಲ್ಲ. ಆದ್ದರಿಂದ ಪ್ರತಿ ಕಿಲೋ ಗೋಧಿಗೆ ಆವಿಯಾಗಿ ಹೋಗುವ ನೀರು ಕಡಿಮೆ. 16 ಲೀಟರನ್ನು ಒಮ್ಮೆಲೇ ಸುರಿದರೆ ಹುಗ್ಗಿ ಗಂಜಿಯಾಗುವ ಭಯವಿದೆ. ಹಾಕಿದ ನೀರನ್ನು ತೆಗೆಯಲಾಗದು, ಕಡಿಮೆಯಾದದ್ದನ್ನು ಸೇರಿಸಬಹುದು. ಅದಕ್ಕೇ 3 ಲೀಟರ್ ಬಿಸಿಯಾಗಿ ಪಕ್ಕದಲ್ಲಿರಲಿ. ಬೆಲ್ಲ ಕರಗಿಸಿ ಸೋಸಲು ಬೇಕಾಗುವ ಒಂದು ಲೀಟರನ್ನು ಈ ಮೂರರಲ್ಲೇ ಹಿಡಿಯಬೇಕು, ಹೊಸದಾಗಿ ಸೇರಿಸಬಾರದು. ಗೋಧಿಯ ಜಾತಿ, ಕುಟ್ಟಿದ ರೀತಿ, ರಾತ್ರಿ ನೆನೆಹಾಕಿದ್ದರೇ ಇಲ್ಲವೇ ಎಂಬುದರಿಂದಲೂ ನೀರು ಬದಲಾಗುತ್ತದೆ. ಸದಕ ಗೋಧಿಗೂ ಬೇರೆ ಗೋಧಿಗೂ ಒಂದೇ ಅಂಕಿ ನಡೆಯುತ್ತದೆಂದು ತಿಳಿಯಬಾರದು.

ಏಲಕ್ಕಿ, ಉಪ್ಪು ಇವುಗಳನ್ನು ಲೆಕ್ಕದ ಮುಕ್ಕಾಲು ಪಾಲು ಅಥವಾ ಅದಕ್ಕೂ ಕಡಿಮೆ ಹಾಕಿ ರುಚಿ ನೋಡಿ ಸೇರಿಸಬೇಕು. ಚಿಟಿಕೆ ಎಂಬುದು ಬೆರಳಿನಿಂದ ಬೆರಳಿಗೆ ಬದಲಾಗುವ ಅಳತೆ. ಅದನ್ನು ಎಂಟರಿಂದ ಗುಣಿಸಿದರೆ ತಪ್ಪೂ ಎಂಟು ಪಟ್ಟಾಗುತ್ತದೆ.

ಬೇಯುವ ಸಮಯವನ್ನು ಎಂದೂ ಗುಣಿಸಕೂಡದು. ದೊಡ್ಡ ಹಂಡೆ ಕುದಿಗೆ ಬರುವುದು ತಡವಾಗುತ್ತದೆ, ಆದರೆ ಕುದಿಯತೊಡಗಿದ ಮೇಲೆ ಕಾಳು ಮೆತ್ತಗಾಗಲು ಬೇಕಾದ ಹೊತ್ತು ಎಂಟು ಪಟ್ಟಾಗದು. ಗಡಿಯಾರವನ್ನು ನೋಡದೆ ಕಾಳನ್ನು ನೋಡಿರಿ. ಎರಡು ಬೆರಳ ನಡುವೆ ಒತ್ತಿದರೆ ನಡುವೆ ಗಟ್ಟಿ ಉಳಿಯದೆ ಹಿಸುಕಿಹೋಗಬೇಕು. ಅದಕ್ಕೆ ಮೊದಲೇ ಬೆಲ್ಲ ಹಾಕಿದರೆ ಸಿಹಿ ನೀರಿನಲ್ಲಿ ಕಾಳು ಸರಿಯಾಗಿ ನೀರು ಹೀರದೆ ಗಡುಸಾಗಿಯೇ ಉಳಿಯುತ್ತದೆ. ಬೆಲ್ಲ ಬಿದ್ದ ಮೇಲೆ ಉರಿ ತಗ್ಗಿಸಿ, ತಳ ಮುಟ್ಟುವಂತೆ ಕೈ ಆಡಿಸುತ್ತಿರಬೇಕು. ಈ ಅಳತೆಯ ಹುಗ್ಗಿ ಇಪ್ಪತ್ತು ಲೀಟರ್ ಸಮೀಪ ಬರುತ್ತದೆ. ತಿರುವಲು ಜಾಗ ಬೇಕಾದ್ದರಿಂದ ಮೂವತ್ತು ಲೀಟರ್ ಹಿಡಿಯುವ ಪಾತ್ರೆ ಇರಲಿ. ಇಲ್ಲವಾದರೆ ಪಟ್ಟಿಯನ್ನು ಅರ್ಧ ಮಾಡಿ ಎರಡು ಪಾತ್ರೆಗಳಲ್ಲಿ ಬೇಯಿಸಿರಿ.

ಕೆಳಮುಖವಾಗಿಯೂ ಇದೇ ವಿಧಾನ. ಮೂವರಿಗೆ ಮಾಡುವಾಗ ಗುಣಕ 0.375. ಗೋಧಿ, ಬೆಲ್ಲ ತಲಾ 150 ಗ್ರಾಂ, ತುಪ್ಪ ಒಂದೂವರೆ ಚಮಚ, ಏಲಕ್ಕಿ 2 ಕಾಯಿ. ಲೆಕ್ಕದಲ್ಲಿ ನೀರು 750 ಮಿ.ಲೀ. ಬರುತ್ತದೆ. ಇಲ್ಲಿ ನೀರಿನ ಮಾತು ತಿರುಗುಮುರುಗು. ಸಣ್ಣ ಪಾತ್ರೆಯಲ್ಲಿ ಆವಿ ಹೆಚ್ಚು ಹೋಗುವುದರಿಂದ 900 ಮಿ.ಲೀ. ಬೇಕಾಗಬಹುದು.

ಕೊನೆಯದಾಗಿ, ಈ ಪಟ್ಟಿಯಲ್ಲಿ ಒಬ್ಬರಿಗೆ 50 ಗ್ರಾಂ ಗೋಧಿ ಎಂದು ಹಿಡಿದಿದೆ. ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯ ಎಲ್ಲವೂ ಇರುವ ಹೊಲದ ಊಟದಲ್ಲಿ ಅಷ್ಟು ಖರ್ಚಾಗದಿರಬಹುದು. ಊಟವಾದ ಮೇಲೆ ಉಳಿದದ್ದನ್ನು ಅಂದಾಜಿಸಿ ಪಟ್ಟಿಯ ಪಕ್ಕದಲ್ಲಿ ಬರೆದಿಡಿರಿ. ಹತ್ತು ಜನರ ಪಾಲು ಉಳಿಯಿತೆನ್ನಿ. 55 ಜನರ ಪಾಲು, ಅಂದರೆ 2750 ಗ್ರಾಂ ಗೋಧಿಯ ಹುಗ್ಗಿಯನ್ನು 65 ಜನ ಉಂಡಂತಾಯಿತು. ಒಬ್ಬರಿಗೆ ಬಿದ್ದದ್ದು 42 ಗ್ರಾಂ. ಮುಂದಿನ ಅಮಾವಾಸ್ಯೆಗೆ ಬಬಲೇಶ್ವರದ ಬೀಗರೂ ಸೇರಿ 90 ಜನ ಬರುವುದಾದರೆ ನಾಲ್ಕೂವರೆ ಕಿಲೋ ಬದಲು 3 ಕಿಲೋ 780 ಗ್ರಾಂ, ಅಂದರೆ ಮುಕ್ಕಾಲು ಕೂಡಿ ಮೂರು ಕಿಲೋ ಗೋಧಿ, ಅಷ್ಟೇ ಬೆಲ್ಲ ಸಾಕು. ಮುಕ್ಕಾಲು ಕಿಲೋ ಗೋಧಿ, ಮುಕ್ಕಾಲು ಕಿಲೋ ಬೆಲ್ಲ ಮನೆಯಲ್ಲೇ ಉಳಿಯುತ್ತವೆ.